ಬಿಸಿಯ ಎದುರು ಚಳಿಯಲ್ಲ

ನನ್ನ ದೊಡ್ಡಮ್ಮ ನಾಲ್ಕಡಿ ಎಂಟಂಗುಲದ ಹೆಂಗಸು. ಅವಳ ತಂಗಿ, ಅಂದರೆ ನನ್ನ ಅಮ್ಮ, ಅವಳಿಗಿಂತ ಒಂದು ತಲೆ ಎತ್ತರ. ಇಷ್ಟು ಗಿಡ್ಡಗಿರುವವಳು ದೊಡ್ಡಮ್ಮ ಹೇಗಾದಳು ಎಂದು ಐದು ವರ್ಷದವಳಿದ್ದಾಗ ನೆಂಟರ ಎದುರೇ ಕೇಳಿ, ಅಮ್ಮನ ಕೈಯಲ್ಲಿ ತೊಡೆ ಚಿವುಟಿಸಿಕೊಂಡಿದ್ದೆ. ದೊಡ್ಡಮ್ಮನಿಗೆ ಬೇಸರವಾಗಲಿಲ್ಲ. ನನ್ನನ್ನು ಪಕ್ಕಕ್ಕೆ ಎಳೆದು ನಿಲ್ಲಿಸಿಕೊಂಡಳು. "ನೋಡು, ನಿನ್ನ ಪಕ್ಕ ನಿಂತ್ರೆ ನಾನು ದೊಡ್ಡವಳು. ನಿಮ್ಮಮ್ಮನ ಪಕ್ಕ ನಿಂತ್ರೆ ಚಿಕ್ಕವಳು. ಒಬ್ಬಳೇ ನಿಂತ್ರೆ ಎರಡೂ ಅಲ್ಲ" ಅಂದಳು. ನನಗೆ ಆಗ ಏನೂ ತಿಳಿಯಲಿಲ್ಲ, ಆದರೆ ತೊಡೆಯ ಉರಿ ಮರೆತುಹೋಯಿತು.

ಅವಳು ಆಗ ಟೀಚರ್ ಅಲ್ಲ. ಮಗಳನ್ನು ಶಿಶುವಿಹಾರಕ್ಕೆ ಸೇರಿಸಲು ಹೋದವಳು ಅಲ್ಲೇ ಸಹಾಯಕಿಯಾಗಿ ಉಳಿದುಕೊಂಡಿದ್ದಳು. ಮಗಳು ಓದಿ, ಮದುವೆಯಾಗಿ, ತನ್ನ ಮನೆ ಮಾಡಿಕೊಂಡರೂ ತಾಯಿ ಮಾತ್ರ ಅದೇ ಶಿಶುವಿಹಾರದಲ್ಲಿದ್ದಳು. ಮೂಗು ಒರೆಸುವುದು, ಶೂ ಕಟ್ಟುವುದು, ಶೌಚಾಲಯಕ್ಕೆ ಕರೆದೊಯ್ಯುವುದು, ಅತ್ತವರನ್ನು ಸೊಂಟಕ್ಕೆ ಏರಿಸಿಕೊಂಡು ಕಿಟಕಿಯಿಂದ ರಸ್ತೆ ತೋರಿಸುವುದು, ಹೀಗೆ ಹತ್ತೊಂಬತ್ತು ವರ್ಷ. ಇಪ್ಪತ್ತಾರು ಜೊತೆ ಒಂದೇ ಬಣ್ಣದ ಶೂಗಳ ರಾಶಿಯಿಂದ ಯಾವುದು ಯಾರದ್ದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಹೇಗೆ ಅಂತ ಕೇಳಿದರೆ, "ಹಿಮ್ಮಡಿ ಸವೆದಿರೋದು ನೋಡಬೇಕು ಕಣೆ" ಅನ್ನುತ್ತಿದ್ದಳು. ಕಣ್ಣು ಮುಚ್ಚಿಕೊಂಡು ಏನು ನೋಡುತ್ತಿದ್ದಳೋ, ಅವಳಿಗೇ ಗೊತ್ತು.

ಟೀಚರ್ ಆಗುವ ಹುಚ್ಚು ಹತ್ತಿದ್ದು ನಲವತ್ತೈದು ದಾಟಿದ ಮೇಲೆ. ಅಂಚೆಯ ಮೂಲಕ ನಡೆಯುವ ಶಿಶು ಶಿಕ್ಷಣದ ಕೋರ್ಸಿಗೆ ಸೇರಿ, ಮೊದಲ ಸಲ ಒಂದು ವಿಷಯದಲ್ಲಿ ಡುಮ್ಕಿ ಹೊಡೆದು, ಎರಡನೇ ಸಲ ಎಲ್ಲದರಲ್ಲೂ ಪಾಸಾದಳು. ಪಾಸಾದ ಮರುದಿನ ಪ್ರಮಾಣಪತ್ರವನ್ನು ಶಾಲೆಯ ಆಫೀಸಿಗೆ ತಂದು ನನ್ನ ಮೇಜಿನ ಮೇಲಿಟ್ಟಳು. ನಾನು ಆ ಹೊತ್ತಿಗೆ ಅದೇ ಶಾಲೆಯಲ್ಲಿ ಗುಮಾಸ್ತೆ. "ಇದನ್ನ ನನ್ನ ಫೈಲಿಗೆ ಹಾಕು. ಜಾಗ ಖಾಲಿ ಆದಾಗ ಹುಡುಕಾಡಬಾರದು" ಅಂದಳು. ಖಾಲಿ ಆಗದೆಯೇ ಹೋಗಬಹುದು ಎಂಬ ಯೋಚನೆಯೇ ಆ ಮುಖದಲ್ಲಿರಲಿಲ್ಲ.

ಜಾಗ ಖಾಲಿಯಾಗಲು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ದೊಡ್ಡಮ್ಮನಿಗೆ ನಲವತ್ತೊಂಬತ್ತು ತುಂಬಿ ಎಂಟು ತಿಂಗಳಾಗಿತ್ತು. ಐವತ್ತು ತುಂಬಿದವರನ್ನು ಹೊಸದಾಗಿ ಶಿಕ್ಷಕಿಯಾಗಿ ತೆಗೆದುಕೊಳ್ಳುವಂತಿಲ್ಲ ಎಂದು ಶಾಲೆಯ ನಿಯಮ. ಅಂದರೆ ಇದು ಮೊದಲ ಅವಕಾಶ, ಇದೇ ಕೊನೆಯದೂ. ನಮ್ಮ ಹೆಡ್ ಮೇಡಂ ಕೆಟ್ಟವರಲ್ಲ, ಆದರೆ ಹಾಲನ್ನೂ ಎರಡು ಸಲ ಸೋಸುವ ಸ್ವಭಾವ. "ಇಪ್ಪತ್ತು ನಿಮಿಷದ ಒಂದು ಪಾಠ ಮಾಡಿ ತೋರಿಸಿ. ನಾನೂ ನೋಡ್ತೀನಿ, ತರಬೇತಿ ಕಾಲೇಜಿನಿಂದ ಒಬ್ಬರನ್ನ ಕರೆಸ್ತೀನಿ. ಅವರು ಹೂಂ ಅಂದರೆ ನನ್ನದೂ ಹೂಂ" ಅಂದರು. ವಿಷಯ ಅವರೇ ಆರಿಸಿದರು. ನಾಲ್ಕು ವರ್ಷದ ಮಕ್ಕಳಿಗೆ ವಿರುದ್ಧ ಪದಗಳು, ದೊಡ್ಡದು ಚಿಕ್ಕದು, ಬಿಸಿ ತಣ್ಣಗೆ. ಪದ್ಯ ಸ್ವಂತದ್ದಾಗಿರಬೇಕು, ಪ್ರಾಸ ಇರಬೇಕು, ಕೈ ಅಭಿನಯ ಇರಬೇಕು, ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರಬಾರದು. ಒಂದು ವಾರ ಸಮಯ.

ಆ ವಾರ ನಾನು ದಿನಾ ಸಂಜೆ ದೊಡ್ಡಮ್ಮನ ಮನೆಯಲ್ಲೇ ಇದ್ದೆ. ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಅರ್ಧವನ್ನು ದೊಡ್ಡಪ್ಪನ ಹೊಲಿಗೆ ಯಂತ್ರ ತಿಂದಿತ್ತು, ಉಳಿದರ್ಧವನ್ನು ಕತ್ತರಿಸಿದ ಬಟ್ಟೆ ಚೂರುಗಳು. ದೊಡ್ಡಮ್ಮ ಆ ಚೂರುಗಳ ನಡುವೆ ನಿಂತು ಕೈ ಚಾಚುತ್ತ, ಮಡಿಸುತ್ತ ತಾಲೀಮು ಮಾಡುತ್ತಿದ್ದಳು. ದೊಡ್ಡಪ್ಪ ಯಂತ್ರದ ಹಲಗೆಯ ಮೇಲೆ ಗಜಕಡ್ಡಿಯಿಂದ ತಾಳ ಹಾಕುತ್ತಿದ್ದರು. ನಾನು ಬಿ.ಎ. ಓದಿದವಳು, ಭಾಷೆಯಲ್ಲಿ ಮೊದಲ ದರ್ಜೆ. ಹಾಗಾಗಿ ಪ್ರಾಸದ ಉಸ್ತುವಾರಿ ನನಗೇ ಬಿಟ್ಟಿದ್ದು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಕೊಂಡಿದ್ದೆ.

ಮೊದಲ ಜಗಳ 'ಸಣ್ಣದು' ಎಂಬ ಪದಕ್ಕೆ. "ದೊಡ್ಡದು ಸಣ್ಣದು, ಎಲ್ಲರೂ ಹಾಗೇ ಅಲ್ವಾ ಹೇಳೋದು?" ಅಂದೆ.

"ಬೇಡ. ಸಣ್ಣ ಅನ್ನೋದಕ್ಕೆ ಇಬ್ಬರು ಎದುರಾಳಿಗಳು. ದೊಡ್ಡದಕ್ಕೂ ಸಣ್ಣ, ದಪ್ಪಕ್ಕೂ ಸಣ್ಣ. ಕೇಳು ನಿಮ್ಮ ದೊಡ್ಡಪ್ಪನ್ನ."

ದೊಡ್ಡಪ್ಪ ಗಜಕಡ್ಡಿ ನಿಲ್ಲಿಸಿದರು. "ಹೌದಮ್ಮ. 'ಏನ್ರೀ, ಸಣ್ಣ ಆಗಿದೀರಾ' ಅಂದ್ರೆ ಗಿರಾಕಿ ಖುಷಿಯಾಗಿ ಎರಡು ಬಟ್ಟೆ ಜಾಸ್ತಿ ಹೊಲಿಸ್ತಾನೆ. 'ಚಿಕ್ಕ ಆಗಿದೀರಾ' ಅಂದ್ರೆ ಎದ್ದು ಹೋಗ್ತಾನೆ."

'ಚಿಕ್ಕದು' ಗೆದ್ದಿತು. ಚಿಕ್ಕದಕ್ಕೆ ದೊಡ್ಡದೊಂದೇ ಎದುರು, ಮಗು ದಾರಿ ತಪ್ಪುವುದಿಲ್ಲ ಎಂಬುದು ದೊಡ್ಡಮ್ಮನ ಲೆಕ್ಕಾಚಾರ. ಆಮೇಲೆ ಪ್ರಾಸ. 'ದೊಡ್ಡದು, ಚಿಕ್ಕದು' ಎರಡೂ 'ದು'ವಿನಲ್ಲೇ ಮುಗಿಯುತ್ತವಲ್ಲ, ಪ್ರಾಸ ತಾನಾಗಿಯೇ ಆಯಿತು ಅಂದೆ. ಅವಳು ಒಪ್ಪಲಿಲ್ಲ. ಎದುರಾಳಿಗಳಿಬ್ಬರನ್ನೂ ಒಂದೇ ಪ್ರಾಸಕ್ಕೆ ಕಟ್ಟಿದರೆ ಎರಡೂ ಒಂದೇ ಥರ ಕೇಳಿಸಿ ಮಕ್ಕಳು ಕಲಸಿಬಿಡುತ್ತಾರಂತೆ. ದೊಡ್ಡದಕ್ಕೆ ಅದರದ್ದೇ ಪ್ರಾಸ, ಚಿಕ್ಕದಕ್ಕೆ ಅದರದ್ದೇ ಪ್ರಾಸ, ಆ ಪ್ರಾಸದ ಪದವೇ ಕೈಗೆ ಕೆಲಸ ಹೇಳಬೇಕು. ಹೀಗೆ ಹುಟ್ಟಿದ್ದು ಮೊದಲ ನಾಲ್ಕು ಸಾಲು:

ದೊಡ್ಡದು ದೊಡ್ಡದು ಗುಡ್ಡ,
ಕೈ ಚಾಚಿ ನಿಂತಿತು ಅಡ್ಡ.
ಚಿಕ್ಕದು ಚಿಕ್ಕದು ಚುಕ್ಕಿ,
ಎರಡೇ ಬೆರಳಲಿ ಹೆಕ್ಕಿ.

'ಅಡ್ಡ' ಅನ್ನುವಾಗ ಎರಡೂ ತೋಳು ಪಕ್ಕಕ್ಕೆ ಪೂರ್ತಿ ಚಾಚಬೇಕು, ದನಿ ದಪ್ಪಗಾಗಬೇಕು. 'ಹೆಕ್ಕಿ' ಅನ್ನುವಾಗ ಹೆಬ್ಬೆರಳು ತೋರುಬೆರಳು ಕೂಡಿಸಿ ಕಣ್ಣಿನ ಹತ್ತಿರ ತರಬೇಕು, ದನಿ ಪಿಸುಮಾತಾಗಬೇಕು. "ಚುಕ್ಕಿನ ಹೆಕ್ಕೋಕೆ ಆಗುತ್ತೇನೇ?" ಎಂದು ದೊಡ್ಡಪ್ಪ ಕೆಣಕಿದರು. "ಪದ್ಯದಲ್ಲಿ ಆಗುತ್ತೆ. ನೀವು ತಾಳ ಹಾಕಿ" ಅಂದಳು. ಕೈ ಮೊದಲು ಹೋಗಬೇಕು, ಮಾತು ಅರ್ಧ ತಾಳ ಹಿಂದೆ ಬರಬೇಕು ಎಂಬುದು ಅವಳ ಕಟ್ಟುನಿಟ್ಟು. ಮಗು ಕೈ ನೋಡಿ ಮಾತನ್ನು ಊಹಿಸಬೇಕು, ಆಗಲೇ ಅದು ಮಗುವಿನ ಸ್ವಂತದ್ದಾಗುವುದು. ಹತ್ತೊಂಬತ್ತು ವರ್ಷ ತರಗತಿಯ ಹಿಂಬದಿಯಲ್ಲಿ ನಿಂತು ಎಷ್ಟೋ ಟೀಚರುಗಳ ಎಷ್ಟೋ ಪದ್ಯಗಳನ್ನು ಮಕ್ಕಳ ಬೆನ್ನ ಕಡೆಯಿಂದ ನೋಡಿದವಳು ಅವಳು. ಯಾವ ಸಾಲಿನಲ್ಲಿ ಬೆನ್ನುಗಳು ನೆಟ್ಟಗಾಗುತ್ತವೆ, ಯಾವ ಸಾಲಿನಲ್ಲಿ ಜೋಲುತ್ತವೆ ಎಂಬುದು ಅವಳಿಗೆ ಬಾಯಿಪಾಠ.

ಎಡವಟ್ಟಾದದ್ದು ಮುಂದಿನ ಜೋಡಿಯಲ್ಲಿ, ಮತ್ತು ಎಡವಟ್ಟು ಮಾಡಿದ್ದು ನಾನು.

ಬಿಸಿಯ ಸಾಲುಗಳು ಸಲೀಸಾಗಿ ಬಂದವು. 'ಬಿಸಿ ಬಿಸಿ ಬಿಸಿ ಬಿಸಿ ಹಾಲು, ಊದಿ ಕುಡಿ ನಿನ್ನ ಪಾಲು.' ಬೆರಳ ತುದಿ ಮುಂದೆ ಚಾಚಿ, ಚುರ್ ಅಂದಂತೆ ಥಟ್ಟನೆ ಹಿಂದಕ್ಕೆ ಎಳೆದು, ಬೊಗಸೆ ಮಾಡಿ ಉಫ್ ಎಂದು ಊದುವುದು. ತಣ್ಣಗೆಗೆ ಬಂದಾಗ 'ತಣ್ಣ ತಣ್ಣನೆಯ ನೀರು' ಎಂದು ಅವಳು ನಿಲ್ಲಿಸಿದಳು. ನೀರಿಗೆ ಪ್ರಾಸ ಬೇಕು. ನಾನು ಚಿಟಿಕೆ ಹೊಡೆದೆ. "ಗಡಗಡ ನಡುಗೋರು ಯಾರು?" ಅಂದು, ಎರಡೂ ಕೈಯಿಂದ ಮೈ ಅಪ್ಪಿಕೊಂಡು, ಹಲ್ಲು ಕಟಕಟಿಸುತ್ತ ನಡುಗಿ ತೋರಿಸಿದೆ. ದೊಡ್ಡಪ್ಪ ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮನೂ ನಕ್ಕಳು, ಆದರೆ ತಾನು ಮಾಡಿ ನೋಡಿದಾಗ ಕೈ ನಡುವೆಯೇ ನಿಂತಿತು.

"ಯಾಕೋ ಕೈಗೆ ಒಪ್ತಿಲ್ಲ ಕಣೆ."

"ಕೈಗೆ ಒಪ್ಪೋದೇನು ದೊಡ್ಡಮ್ಮ? ಪ್ರಾಸ ಒಪ್ತಲ್ಲ. ಮಕ್ಕಳು ನಗ್ತಾರೆ, ಅದಕ್ಕಿಂತ ಇನ್ನೇನು ಬೇಕು?"

"ಏನು ಅಂತ ಹೇಳೋಕೆ ಬರ್ತಿಲ್ಲ. ಏನೋ ಸರಿಯಿಲ್ಲ."

"ಹೇಳೋಕೆ ಬರದೆ ಇರೋದನ್ನ ಇಟ್ಕೊಂಡು ಒಳ್ಳೆ ಸಾಲು ಕೆಡಿಸ್ಬೇಡ."

ನನಗೆ ಬುದ್ಧಿ ಹೇಳುವ ಚಟ. ಅದರಲ್ಲೂ ಓದಿದ ಜಂಬ ಬೆರೆತರೆ ಕೇಳುವುದೇ ಬೇಡ. ದೊಡ್ಡಮ್ಮ ನನ್ನ ಮುಖ ನೋಡಿದಳು, ಸರಿ ಅಂದಳು. ನಡುಕ ಪದ್ಯದಲ್ಲಿ ಉಳಿಯಿತು.

ಪಾಠದ ದಿನ ಬೆಳಿಗ್ಗೆ ಎಂಟಕ್ಕೇ ಬಂದು ಅವಳು ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಇಪ್ಪತ್ತಾರು ಚುಕ್ಕಿ ಇಟ್ಟಳು. ಒಂದರ ಹಿಂದೆ ಒಂದಲ್ಲ, ಎರಡು ಚುಕ್ಕಿಗಳ ಸಂದಿಯಲ್ಲಿ ಹಿಂದಿನ ಚುಕ್ಕಿ. ಇಪ್ಪತ್ತಾರು ಮಕ್ಕಳು ಒಟ್ಟಿಗೆ 'ಅಡ್ಡ' ಎಂದು ಕೈ ಚಾಚಿದರೆ ಯಾರ ಕಣ್ಣಿಗೂ ಯಾರ ಬೆರಳೂ ತಗುಲಬಾರದು, ಎಲ್ಲರಿಗೂ ಅವಳು ಕಾಣಬೇಕು. ಮೂರು ಚೆಂಡು, ಮರದ ಒಂದು ಪೆಟ್ಟಿಗೆ ತಂದಿಟ್ಟುಕೊಂಡಳು. ಪೆಟ್ಟಿಗೆ ಯಾಕೆ ಅಂದರೆ ನಿಲ್ಲುವುದಕ್ಕೆ. ಹಿಂದಿನ ಸಾಲಿಗೆ ತಾನು ಕಾಣದಿದ್ದರೆ ಪದ್ಯ ರೇಡಿಯೋ ಆಗಿಬಿಡುತ್ತದೆ ಅಂದಳು.

ಕಾಲೇಜಿನಿಂದ ಬಂದ ಮೇಷ್ಟ್ರು ತೆಳ್ಳಗಿನ, ಕನ್ನಡಕದ ಮನುಷ್ಯ. ಪಾಠದ ಯೋಜನೆಯ ಹಾಳೆ ಓದಿ, ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಹೆಡ್ ಮೇಡಂ ಪಕ್ಕ ಕುಳಿತರು. ವರದಿ ಬರೆದುಕೊಳ್ಳಲು ನಾನು ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ. ಅಂಗೈ ಬೆವರುತ್ತಿತ್ತು. ದೊಡ್ಡಮ್ಮನ ಅಂಗೈ ಬೆವರಿರಲಿಕ್ಕಿಲ್ಲ. ಅವಳು ಪೆಟ್ಟಿಗೆ ಹತ್ತಿ ನಿಂತ ರೀತಿ ನೋಡಿದರೆ ಆ ಕೋಣೆಯ ಕಿಟಕಿ ಬಾಗಿಲೆಲ್ಲ ಅವಳದ್ದೇ ಅನಿಸುತ್ತಿತ್ತು.

ಮೊದಲು ಚೆಂಡುಗಳು. ನಡುವಿನ ಅಳತೆಯ ಕೆಂಪು ಚೆಂಡೊಂದನ್ನೇ ಎತ್ತಿ ಹಿಡಿದು, "ಇದು ದೊಡ್ಡದಾ, ಚಿಕ್ಕದಾ?" ಅಂದಳು. ಅರ್ಧ ಮಕ್ಕಳು ದೊಡ್ಡದು ಅಂದರು, ಅರ್ಧ ಚಿಕ್ಕದು. ಪಕ್ಕದಲ್ಲಿ ಗೋಲಿಯಷ್ಟರ ಚೆಂಡು ಹಿಡಿದಳು. ಎಲ್ಲರೂ ದೊಡ್ಡದು ಅಂದರು. ಗೋಲಿ ಇಟ್ಟು ಕಾಲ್ಚೆಂಡು ಹಿಡಿದಳು. ಎಲ್ಲರೂ ಚಿಕ್ಕದು ಅಂದರು. "ಚೆಂಡು ಬದಲಾಯ್ತಾ?" "ಇಲ್ಲ." "ಮತ್ತೆ?" ಮುಂದಿನ ಸಾಲಿನ ಒಬ್ಬಳು ಹುಡುಗಿ ಸೊಂಟಕ್ಕೆ ಕೈ ಕೊಟ್ಟು, "ಪಕ್ಕದ್ದು ಬದಲಾಯ್ತು ಟೀಚರ್" ಅಂದಳು. ಎಲ್ಲದಕ್ಕೂ ವಾದ ಹೂಡುವ ಅವಳನ್ನು ಶಾಲೆಯಲ್ಲಿ ನಾವೆಲ್ಲ ಲಾಯರಮ್ಮ ಅಂತಲೇ ಕರೆಯುತ್ತಿದ್ದೆವು. ಮೇಷ್ಟ್ರು ಏನೋ ಬರೆದುಕೊಂಡರು. ನನಗೆ ಐದು ವರ್ಷದವಳಿದ್ದಾಗ ತಿಳಿಯದ್ದು ಈ ಪುಟ್ಟಿಗೆ ತಿಳಿದುಬಿಟ್ಟಿತಲ್ಲ ಎಂದು ಸಣ್ಣ ಹೊಟ್ಟೆಕಿಚ್ಚಾಯಿತು.

ಆಮೇಲೆ ಪದ್ಯ. ಮೊದಲ ಸಲ ಅವಳೊಬ್ಬಳೇ ಹೇಳಿ ಮಾಡಿ ತೋರಿಸಿದಳು, ಮಕ್ಕಳು ಸುಮ್ಮನೆ ನೋಡಬೇಕು. ಎರಡನೇ ಸಲ ಮಾತಿಲ್ಲ, ಬರೀ ಕೈ. ಮೂರನೇ ಸಲ ಕೈಯೂ ಮಾತೂ. ಬಲಗೈಯ ಬೆರಳಿಂದ ಹೆಕ್ಕಲು ಹೇಳುವಾಗ ಅವಳು ಎಡಗೈ ಎತ್ತುತ್ತಿದ್ದಳು. ಎದುರು ನಿಂತ ಮಗುವಿಗೆ ಅವಳು ಕನ್ನಡಿ. ನಾಲ್ಕನೇ ಸಲ ಸಾಲಿನ ಕೊನೆಯ ಪದ ತಾನು ನುಂಗಿಕೊಂಡು ಕೈ ಮಾತ್ರ ತೋರಿಸಿದಳು. "ಕೈ ಚಾಚಿ ನಿಂತಿತು..." "ಅಡ್ಡ" ಎಂದು ಕೋಣೆ ಗುಡುಗಿತು. "ಎರಡೇ ಬೆರಳಲಿ..." "ಹೆಕ್ಕಿ" ಎಂದು ಇಪ್ಪತ್ತಾರು ಪಿಸುಮಾತು. ಹೆಡ್ ಮೇಡಂ ನಕ್ಕಿದ್ದನ್ನು ನಾನು ಕಂಡೆ. ನಡುಕದ ಸಾಲು ಬಂದಾಗಲಂತೂ ಮಕ್ಕಳು ಮೈ ಅಪ್ಪಿಕೊಂಡು ನಡುಗಿದ್ದೇ ನಡುಗಿದ್ದು, ಒಬ್ಬ ನಡುಗುತ್ತ ನೆಲಕ್ಕೇ ಉರುಳಿದ. ನಾನು ಸ್ಟೂಲಿನ ಮೇಲೆ ನೆಟ್ಟಗೆ ಕುಳಿತು, ಈ ಸಾಲು ನನ್ನದು ಎಂದು ಮನಸ್ಸಿನಲ್ಲೇ ಬೀಗಿದೆ.

ಹದಿನಾರನೇ ನಿಮಿಷಕ್ಕೆ ಮೇಷ್ಟ್ರು ಎದ್ದರು. ಪರೀಕ್ಷೆ ಮಾಡುವುದು ಅವರ ಹಕ್ಕು. ಮಕ್ಕಳ ಮುಂದೆ ನಿಂತು ಬೆರಳು ಚಾಚಿ ಥಟ್ಟನೆ ಎಳೆದುಕೊಂಡು, "ಇದು?" ಅಂದರು.

"ಬಿಸಿ."

"ಇದರ ಉಲ್ಟಾ?"

ಇಪ್ಪತ್ತಾರು ಮಕ್ಕಳೂ ಮೈ ಅಪ್ಪಿಕೊಂಡು ಒಂದೇ ಉಸಿರಿಗೆ ಕೂಗಿದರು. "ಚಳಿ."

ಮೇಷ್ಟ್ರ ಹುಬ್ಬು ಮೇಲಕ್ಕೆ ಹೋಯಿತು. ಮೇಜಿನ ಮೇಲಿದ್ದ ತಮ್ಮ ಕುಡಿಯುವ ನೀರಿನ ಸ್ಟೀಲ್ ಲೋಟವನ್ನು ತಂದು ಲಾಯರಮ್ಮನ ಮುಂದೆ ಹಿಡಿದರು. "ಮುಟ್ಟಿ ನೋಡು ಮರಿ. ನೀರು ಹೇಗಿದೆ?"

ಅವಳು ಮುಟ್ಟಿದಳು. ಲೋಟ ನೋಡಿದಳು, ತನ್ನ ಕೈ ನೋಡಿಕೊಂಡಳು, ತುಂಬ ಯೋಚಿಸಿ ಹೇಳಿದಳು. "ನೀರಿಗೆ ಚಳಿ ಆಗ್ತಿದೆ."

ಮೇಷ್ಟ್ರು ನಗಲಿಲ್ಲ. ತಮ್ಮ ಕುರ್ಚಿಗೆ ಹೋಗಿ ಕುಳಿತು ಪೆನ್ನಿನ ಮುಚ್ಚಳ ಹಾಕಿದರು. ಹೆಡ್ ಮೇಡಂ ಕಿಟಕಿಯ ಕಡೆ ತಿರುಗಿದರು. ಆಗ ಹೊಳೆಯಿತು ನನ್ನ ದಡ್ಡತನ. ಬಿಸಿ ಅನ್ನುವುದು ಲೋಟದ್ದು, ಮುಟ್ಟಿ ತಿಳಿಯುವಂಥದ್ದು. ಅದಕ್ಕೆ ಎದುರು ತಣ್ಣಗೆ, ಅದೂ ಲೋಟದ್ದೇ. ಚಳಿ ಅನ್ನುವುದು ನಮ್ಮ ಮೈಯದ್ದು. ಚಳಿಗೆ ಎದುರಿರುವುದು ಸೆಕೆ. ಬಾಯಿ 'ತಣ್ಣನೆಯ ನೀರು' ಅನ್ನುತ್ತಿದ್ದರೆ ನಾನು ಕೊಟ್ಟ ಕೈ 'ಚಳಿ' ಅನ್ನುತ್ತಿತ್ತು, ಮಕ್ಕಳು ಕೈಯ ಮಾತು ಕೇಳಿದ್ದರು. ದೊಡ್ಡಮ್ಮನಿಗೆ ಹೇಳಲು ಬಾರದೇ ಇದ್ದದ್ದು ಇದೇ. ಮೊದಲ ದರ್ಜೆಯ ನನಗೆ ಅರ್ಥವಾಗದ್ದೂ ಇದೇ. ಅವಳ ಹತ್ತೊಂಬತ್ತು ವರ್ಷವನ್ನು ಒಂದು ಚಿಟಿಕೆಯಲ್ಲಿ ಹಾಳುಮಾಡಿದೆನಲ್ಲ ಎಂದು ಅಳು ಬಂತು.

ದೊಡ್ಡಮ್ಮ ಪೆಟ್ಟಿಗೆಯಿಂದ ಇಳಿದಳು. ಮುಗಿಸಿ ಹೊರಡುತ್ತಾಳೆ ಅಂದುಕೊಂಡೆ. ಅವಳು ಮಕ್ಕಳ ಮುಂದೆ ಮೊಣಕಾಲೂರಿ ಕುಳಿತು, ಯಾವ ಗಾಬರಿಯೂ ಇಲ್ಲದ ದನಿಯಲ್ಲಿ, "ಮಕ್ಕಳೇ, ಟೀಚರ್ ಕೈ ತಪ್ಪು ಹೇಳಿಬಿಡ್ತು. ಈಗ ಕೈಗೆ ಬುದ್ಧಿ ಕಲಿಸೋಣ, ಬನ್ನಿ" ಅಂದಳು. ನನ್ನ ಕಡೆ ತಿರುಗಿ, "ಆಫೀಸಿನ ಥರ್ಮಾಸಲ್ಲಿ ಬಿಸಿನೀರಿದೆ, ಎರಡು ಲೋಟ ತಗೊಂಡು ಬಾ, ಬೇಗ" ಅಂದಳು.

ನಾನು ಓಡಿದೆ. ತಂದ ಬಿಸಿನೀರಿಗೆ ಅವಳು ಹೂಜಿಯಿಂದ ತಣ್ಣೀರು ಬೆರೆಸಿ, ಲೋಟದ ಹೊರಮೈಯನ್ನು ತನ್ನ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿದಳು. ಬಿಸಿ ಅನಿಸಬೇಕು, ಸುಡಬಾರದು. ಹೀಗೆ ಎರಡು ಲೋಟ ಬಿಸಿ, ಎರಡು ಲೋಟ ಹೂಜಿಯ ನೀರು. ಮಕ್ಕಳನ್ನು ಎರಡು ಸಾಲು ಮಾಡಿ, ಒಂದಕ್ಕೆ ತಾನು ನಿಂತು ಇನ್ನೊಂದಕ್ಕೆ ನನ್ನನ್ನು ನಿಲ್ಲಿಸಿದಳು. ಮುಟ್ಟಿ ಮುಂದೆ ಹೋಗುವುದು, ಅಷ್ಟೆ. ಬಿಸಿ ಲೋಟ ಮುಟ್ಟಿದ ಬೆರಳುಗಳು ತಾವಾಗಿಯೇ ಹಿಂದಕ್ಕೆ ಬರುತ್ತಿದ್ದವು. ತಣ್ಣನೆಯ ಲೋಟ ಮುಟ್ಟಿದವರನ್ನು ಅವಳು ಗಮನವಿಟ್ಟು ನೋಡುತ್ತಿದ್ದಳು. ಮೂರನೆಯ ಹುಡುಗ ಲೋಟವನ್ನು ಬಿಡದೆ, ಅದನ್ನೇ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಅಷ್ಟು ಸಾಕಾಯಿತು ಅವಳಿಗೆ.

ಅಷ್ಟರಲ್ಲಿ ಇಪ್ಪತ್ತು ನಿಮಿಷ ಮುಗಿದಿತ್ತು. ಮೇಷ್ಟ್ರು ಗಡಿಯಾರವನ್ನು ಮೇಜಿಗೆ ಟಕ್ ಅಂತ ತಟ್ಟಿದರು. "ಸಮಯ ಆಯ್ತಮ್ಮ."

"ಪರೀಕ್ಷೆಗೆ ಆಯ್ತು ಸರ್. ಮಕ್ಕಳಿಗೆ ಇನ್ನೂ ಆಗಿಲ್ಲ. ತಪ್ಪು ಕಲಿಸಿ ಮನೆಗೆ ಕಳಿಸೋಕಾಗಲ್ಲ" ಎಂದು ಹೇಳಿ ಅವಳು ಮತ್ತೆ ಪೆಟ್ಟಿಗೆ ಹತ್ತಿದಳು.

ಸಾಲು ಅಲ್ಲೇ ಬದಲಾಯಿತು. ನೀರು, ಯಾರು ಎರಡನ್ನೂ ಇದ್ದಲ್ಲೇ ಬಿಟ್ಟು ನಡುವಿನ ಎರಡು ಪದ ಮಾತ್ರ ಕಿತ್ತು ಹಾಕಿದಳು:

ತಣ್ಣ ತಣ್ಣನೆಯ ನೀರು,
ಕೆನ್ನೆಗೆ ಒತ್ತೋರು ಯಾರು?

ಬಿಸಿಗೆ ಕೈ ಥಟ್ಟನೆ ಓಡಬೇಕು, ದನಿಯೂ ಓಡಬೇಕು. ತಣ್ಣಗೆಗೆ ಅಂಗೈ ಮೆಲ್ಲಗೆ ಬಂದು ಕೆನ್ನೆಯ ಮೇಲೆ ಕೂರಬೇಕು, 'ತಣ್ಣ' ಎಂಬಲ್ಲಿ ದನಿ ಎಳೆಯಬೇಕು. ಈಗ ಎರಡೂ ಮುಟ್ಟುವ ಕೈಗಳೇ, ಒಂದು ಬಿಡುವ ಕೈ, ಒಂದು ಹಿಡಿಯುವ ಕೈ. ಮೂರು ಸಲ ಹೇಳಿಸಿದಳು. ಆಮೇಲೆ ಲೋಟವನ್ನೆಲ್ಲ ಪಕ್ಕಕ್ಕಿಟ್ಟು, ಮೊದಲು ನಡುಗುತ್ತ ಉರುಳಿದ್ದ ಹುಡುಗನನ್ನು ನೆರಳಿನ ಕಡೆಯ ಕಿಟಕಿಗೆ ಕರೆದೊಯ್ದು ಸರಳು ಮುಟ್ಟಿಸಿದಳು. ಸರಳು ಪದ್ಯದಲ್ಲಿಲ್ಲ. ಅವನು ಸರಳು ಹಿಡಿದ, ಇನ್ನೊಂದು ಅಂಗೈ ತಾನಾಗಿ ಕೆನ್ನೆಗೆ ಹೋಯಿತು. "ತಣ್ಣಗಿದೆ" ಅಂದ.

"ಹಾಗಾದ್ರೆ ಚಳಿ?" ಎಂದು ದೊಡ್ಡಮ್ಮ ಕೇಳಿದಳು.

"ಚಳಿ ನನಗೆ ಆಗೋದು. ಸರಳಿಗೆ ಆಗಲ್ಲ" ಎಂದು ಲಾಯರಮ್ಮ ನಡುವೆ ಬಾಯಿ ಹಾಕಿದಳು. ಅಷ್ಟಕ್ಕೇ ಬಿಡದೆ ಕುತ್ತಿಗೆಗೆ ಗಾಳಿ ಬೀಸಿಕೊಂಡು, "ಅದರ ಉಲ್ಟಾ ಸೆಕೆ" ಎಂದೂ ಸೇರಿಸಿದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಕ್ಕಳನ್ನು ಆಟಕ್ಕೆ ಕಳಿಸಿ ನಾವು ನಾಲ್ವರೂ ಹೆಡ್ ಮೇಡಂ ಕೋಣೆಗೆ ಬಂದೆವು. ಮೇಷ್ಟ್ರು ಯೋಜನೆಯ ಹಾಳೆಯನ್ನು ಮುಂದಿಟ್ಟುಕೊಂಡರು. "ಏಳು ನಿಮಿಷ ಜಾಸ್ತಿ ತಗೊಂಡ್ರಿ. ಕೊನೆಯ ಭಾಗ ಯೋಜನೆಯಲ್ಲೇ ಇಲ್ಲ. ಹೋಗಲಿ, ಮಕ್ಕಳು ತಪ್ಪು ಹೇಳಿದಾಗ ಅವರನ್ನ ತಿದ್ದಬಹುದಿತ್ತು. ತಪ್ಪು ನನ್ನದು ಅಂತ ಅವರ ಎದುರೇ ಯಾಕೆ ಹೇಳಿದ್ರಿ?"

"ಮಕ್ಕಳು ತಪ್ಪು ಹೇಳಲಿಲ್ಲ ಸರ್. ನಾನು ತೋರಿಸಿದ್ದನ್ನೇ ಹೇಳಿದ್ರು. ಅವರಿಗೆ ನೂರಕ್ಕೆ ನೂರು. ಸೊನ್ನೆ ಬಂದಿದ್ದು ನನಗೆ."

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಸರ್, ಆ ಸಾಲು ದೊಡ್ಡಮ್ಮನದ್ದಲ್ಲ. ನನ್ನದು. ಕೈಗೆ ಒಪ್ತಿಲ್ಲ ಅಂತ ಅವಳು ಹೇಳಿದ್ಲು, ನಾನೇ ಹಟ ಮಾಡಿ ಹಾಕಿಸಿದೆ. ಸೊನ್ನೆ ನನಗೆ ಕೊಡಿ."

"ಕೂತ್ಕೋ" ಎಂದು ದೊಡ್ಡಮ್ಮ ಗದರಿದಳು. ಆಫೀಸಿನಲ್ಲಿ ಅವಳು ನನ್ನನ್ನು ಗದರಿದ್ದು ಅದೇ ಮೊದಲು. "ನೀನು ಸಾಲು ಕೊಟ್ಟೆ, ಅಷ್ಟೆ. ತಗೊಂಡು ಹೋಗಿ ಮಕ್ಕಳ ಮುಂದೆ ಇಟ್ಟಿದ್ದು ನಾನು."

ಮೇಷ್ಟ್ರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಕೈ ಬೇಡ ಅಂತಿತ್ತಲ್ಲ, ಮತ್ತೆ ಯಾಕೆ ಒಪ್ಪಿದ್ರಿ?"

"ಅವಳು ಓದಿದವಳು ಸರ್. ನಾನು ಸಹಾಯಕಿ. ಹತ್ತೊಂಬತ್ತು ವರ್ಷದಿಂದ ಇನ್ನೊಬ್ಬರು ಹೇಳಿದ್ದಕ್ಕೆ ಹೂಂ ಅಂದು ಅಭ್ಯಾಸ."

"ಇನ್ನು ಮುಂದೆ?"

ಅವಳು ಸೆರಗು ಸರಿಮಾಡಿಕೊಂಡಳು. "ಇನ್ನು ಮುಂದೆ ನನ್ನ ಕೈಗೆ ಒಪ್ಪದೇ ಇರೋದನ್ನ ಮಕ್ಕಳ ಮುಂದೆ ಮಾಡಲ್ಲ. ಯಾರು ಹೇಳಿದ್ರೂ ಸರಿ. ನೀವು ಹೇಳಿದ್ರೂ ಮಾಡಲ್ಲ, ಮೇಡಂ ಹೇಳಿದ್ರೂ ಮಾಡಲ್ಲ."

ನಾನು ಕಣ್ಣು ಮುಚ್ಚಿಕೊಂಡೆ. ಸಹಾಯಕಿಯ ಕೆಲಸವೂ ಹೋಯಿತು ಅಂತಲೇ ಲೆಕ್ಕ. ಕಣ್ಣು ತೆರೆದಾಗ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಅಭಿಪ್ರಾಯದ ಕಾಲಂನಲ್ಲಿ ಒಂದೇ ಸಾಲು ಬರೆದು ಹಾಳೆಯನ್ನು ಹೆಡ್ ಮೇಡಂ ಕಡೆ ಸರಿಸಿದರು. ಮೇಡಂ ಓದಿದರು. ಅವರ ಸ್ವಭಾವಕ್ಕೆ ತಕ್ಕಂತೆ ಎರಡನೇ ಸಲವೂ ಓದಿದರು. "ನಾನು ಹೇಳಿದ್ರೂ ಮಾಡಲ್ವಂತೆ" ಎಂದು ಯಾರಿಗೋ ದೂರು ಹೇಳುವವರ ಹಾಗೆ ಗೊಣಗಿ, ಕೆಳಗೆ ಸಹಿ ಹಾಕಿದರು.

ನೇಮಕದ ಆದೇಶ ಟೈಪ್ ಮಾಡಿದ್ದು ನಾನೇ. ಸೋಮವಾರ ಬೆಳಿಗ್ಗೆ ಅವಳು ಎಂದಿನಂತೆ ಬಂದು, ಸಹಾಯಕಿಯರ ಹಾಜರಿ ಪುಸ್ತಕಕ್ಕೆ ಕೈ ಹಾಕಿದಳು. ನಾನು ಆ ಪುಸ್ತಕ ಎಳೆದುಕೊಂಡು ಶಿಕ್ಷಕಿಯರದ್ದನ್ನು ತೆರೆದು ಮುಂದಿಟ್ಟೆ. ಒಂಬತ್ತನೇ ಸಾಲು, ಕೆಳಗಿನಿಂದ ಮೊದಲನೆಯದು. ಅವಳು ತನ್ನ ಹೆಸರಿನ ಪಕ್ಕ ಸಹಿ ಹಾಕಿದಳು. ಯಾವಾಗಲೂ ಗೀಚಿ ಬಿಡುವವಳು ಅಂದು ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆದಳು, ಸಹಿ ಚೌಕದಿಂದ ಆಚೆ ಹೋಗಿ ಮಂಗಳವಾರವನ್ನೂ ಅರ್ಧ ತಿಂದಿತು.

"ಚೌಕದೊಳಗೆ ಹಾಕ್ಬೇಕು ದೊಡ್ಡಮ್ಮ" ಅಂದೆ.

"ಹಾಗಾದ್ರೆ ಚೌಕ ದೊಡ್ಡದು ಮಾಡು" ಎಂದು ಹೇಳಿ ತರಗತಿಗೆ ಹೊರಟಳು.